ಎಣಿಸದೆ ಬಡಿಸುವ ಅನ್ನ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ದೀಪಾವಳಿಗೆ ಊರಿಗೆ ಬಂದಿದ್ದ. ಹಿಂದಿನ ವರ್ಷದ ಹಬ್ಬಕ್ಕೆ ಹೊಲಿಸಿದ್ದ ಪ್ಯಾಂಟು ಸೊಂಟಕ್ಕೆ ಏರಲಿಲ್ಲ. ಹಾಸ್ಟೆಲ್ ಸೇರುವಾಗ 72 ಕೆ.ಜಿ. ಇದ್ದವನು ಎರಡು ವರ್ಷದಲ್ಲಿ 84 ಕೆ.ಜಿ. ಆಗಿದ್ದ. ಎತ್ತರ 172 ಸೆಂಟಿಮೀಟರ್. ಲೆಕ್ಕ ಹಾಕಿದರೆ ಬಿಎಂಐ 28 ದಾಟುತ್ತದೆ. ಭಾರತೀಯರ ಮೈಕಟ್ಟಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ವೈದ್ಯರು ಹೇಳುತ್ತಾರೆ. ಅಕ್ಕ ಮಾತ್ರ "ಹಾಸ್ಟೆಲ್ ಊಟ ಮೈಗೆ ಹತ್ತಿದೆ" ಎಂದು ಸಂತೋಷಪಟ್ಟಿದ್ದಳು.

"ನಾನೇನ್ ಮಾಡ್ಲಿ ಮಾಮ? ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿನೂ ಅನ್ನ. ಅದಕ್ಕೆ ಸೋಡಾ ಬೇರೆ ಹಾಕ್ತಾರೆ. ಹೊಟ್ಟೆ ಬರ್ದೆ ಇನ್ನೇನಾಗುತ್ತೆ?" ಎಂದ.

ಸೋಡಾದ ಈ ಕತೆ ನಾನು ಹಾಸ್ಟೆಲ್‌ನಲ್ಲಿದ್ದಾಗಲೂ ಇತ್ತು. ಅಡುಗೆ ಸೋಡಾದಲ್ಲಿ ಕ್ಯಾಲರಿಯೇ ಇಲ್ಲ. ಅದರಿಂದ ಕೊಬ್ಬು ಕಟ್ಟುವುದಿಲ್ಲ. ಹೆಚ್ಚೆಂದರೆ ಹೊಟ್ಟೆ ಉಬ್ಬರಿಸೀತು. ಹನ್ನೆರಡು ಕೆ.ಜಿ. ಬೇರೆಲ್ಲಿಂದಲೋ ಬಂದಿರಬೇಕು. ಅದನ್ನು ನೋಡಿಯೇ ಬಿಡೋಣ ಎಂದು ಮುಂದಿನ ವಾರ ಅಡುಗೆಮನೆಯ ಪುಟ್ಟ ತಕ್ಕಡಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಅವನ ಮೆಸ್ಸಿಗೆ ಹೋದೆ.

ಸ್ಟೀಲ್ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಭಟ್ಟರು ಬಡಿಸುವ ಅನ್ನವನ್ನು ತೂಗಿದೆವು. ಒಂದು ಸೌಟಿಗೆ ಸುಮಾರು 150 ಗ್ರಾಂ. ಸುತ್ತಲಿನ ಹುಡುಗರು ನಕ್ಕರು. ಭಟ್ಟರೂ ನಕ್ಕು, "ಸಾರ್, ಇಲ್ಲಿ ಯಾರಿಗೂ ತೂಕ ಮಾಡಿ ಹಾಕೋದಿಲ್ಲ, ಎಷ್ಟು ಬೇಕೋ ಅಷ್ಟು" ಎಂದರು. ಬೆಂದ ಅನ್ನ ನೂರು ಗ್ರಾಂಗೆ 130 ಕ್ಯಾಲರಿ. ಅಂದರೆ ಸೌಟಿಗೆ 195. ನಮ್ಮ ಹುಡುಗ ಮಧ್ಯಾಹ್ನ ಮೂರು ಸೌಟು, ರಾತ್ರಿ ಒಂದು ಸೌಟು ಹಾಕಿಸಿಕೊಳ್ಳುತ್ತಿದ್ದ.

ಹೀಗೆ ಇಡೀ ದಿನದ್ದನ್ನು ಬರೆದುಕೊಂಡೆವು. ಬೆಳಿಗ್ಗೆ ಪಲಾವ್, ಸುಮಾರು 500 ಕ್ಯಾಲರಿ. ಮಧ್ಯಾಹ್ನ ಎರಡು ಚಪಾತಿ, ಮೂರು ಸೌಟು ಅನ್ನ, ಸಾಂಬಾರು, ಪಲ್ಯ, ಹಪ್ಪಳ, ಮಜ್ಜಿಗೆ ಸೇರಿ 1,050. ಸಂಜೆ ಮೆಸ್ಸಿನ ಟೀ, ಬಿಸ್ಕತ್ತು 150. ರಾತ್ರಿ ಮೂರು ಚಪಾತಿ, ಕುರ್ಮ, ಸಾರನ್ನ ಸೇರಿ 700. ಒಟ್ಟು 2,400. ಅವನ ವಯಸ್ಸು, ಎತ್ತರ, ತೂಕಕ್ಕೆ, ದಿನವಿಡೀ ಬೆಂಚಿನ ಮೇಲೆ ಕೂರುವ ಬದುಕಿಗೆ, ತೂಕ ಏರದೆ ಇಳಿಯದೆ ಇರಲು ಬೇಕಾಗುವುದು ಹೆಚ್ಚುಕಡಿಮೆ 2,500. ಅಂದರೆ ಬರಿಯ ಮೆಸ್ಸಿನ ಊಟ, ಅಷ್ಟು ಅನ್ನದ ಸಮೇತ, ಅವನನ್ನು ದಪ್ಪ ಮಾಡುವಂತಿರಲಿಲ್ಲ!

ಹಾಗಾದರೆ ಉಳಿದದ್ದು? ಕೇಳಿದ್ದಕ್ಕೆ ಮೊದಲು ತಲೆ ಕೆರೆದುಕೊಂಡ. ಆಮೇಲೆ ಒಂದೊಂದಾಗಿ ಹೊರಬಂತು. ರಾತ್ರಿ ಹನ್ನೊಂದಕ್ಕೆ ಗೇಟಿನಾಚೆಯ ಬೇಕರಿಯಲ್ಲಿ ಒಂದು ಎಗ್ ಪಫ್, ಒಂದು ಟೀ. ಅದು ಹತ್ತಿರಹತ್ತಿರ 400 ಕ್ಯಾಲರಿ. ದಾವಣಗೆರೆ ಎಂದಮೇಲೆ ವಾರಕ್ಕೆರಡು ಸಂಜೆ ಮಂಡಕ್ಕಿ, ಮೆಣಸಿನಕಾಯಿ. ಭಾನುವಾರ ಬೆಣ್ಣೆದೋಸೆ, ಒಂದಕ್ಕೆ ನಿಲ್ಲುವುದಿಲ್ಲ. ಇದೆಲ್ಲವನ್ನೂ ವಾರಕ್ಕೆ ಹಂಚಿದರೆ ದಿನಕ್ಕೆ ಅಗತ್ಯಕ್ಕಿಂತ ನೂರೈವತ್ತು ಕ್ಯಾಲರಿಯಷ್ಟು ಹೆಚ್ಚಾಗುತ್ತದೆ. ನೂರೈವತ್ತು ಎಂದರೆ ಏನೂ ಅಲ್ಲ, ಒಂದು ಮೆಣಸಿನಕಾಯಿ. ಆದರೆ ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ. ಕಾಲೇಜಿನ ಎರಡು ವರ್ಷದಲ್ಲಿ ಆರುನೂರು ದಿನ ಹೀಗೆ ಕಳೆದರೆ 90,000. ಹನ್ನೆರಡು ಕೆ.ಜಿ. ಅಲ್ಲಿಗೆ ಸರಿಹೋಯಿತು.

ಆದರೆ ಹೊಟ್ಟೆ ತುಂಬ ಮೂರು ಸೌಟು ಅನ್ನ ಉಂಡವನಿಗೆ ರಾತ್ರಿ ಹನ್ನೊಂದಕ್ಕೆ ಹಸಿವೇಕೆ? ಇಲ್ಲಿ ಮೆಸ್ಸಿನ ಪಾಲೂ ಇದೆ. ಆ ಇಡೀ ದಿನದ ಊಟದಲ್ಲಿದ್ದ ಪ್ರೋಟೀನ್ ಲೆಕ್ಕ ಹಾಕಿದೆ: 55 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಶಿಫಾರಸು ಮಾಡುವುದು ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. 84 ಕೆ.ಜಿ.ಯವನಿಗೆ ಅದು 70 ಆಗುತ್ತದೆ. ತೂಕ ಇಳಿಸುವಾಗ ಇನ್ನೂ ಹೆಚ್ಚು ಬೇಕು; ಕೆ.ಜಿ.ಗೆ 1.2 ಗ್ರಾಂ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಪ್ರೋಟೀನ್ ಇರುವ ಊಟ ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಬರೀ ಅನ್ನ, ನೀರುಸಾರು ಉಂಡರೆ ಹೊಟ್ಟೆ ಬೇಗ ಖಾಲಿ ಎನಿಸುತ್ತದೆ, ಕಾಲು ಬೇಕರಿ ಕಡೆ ಎಳೆಯುತ್ತದೆ.

ಯಾವ ಮೆಸ್ಸಿಗಾದರೂ ಹೋಗಿ ಒಂದು ಸಂಗತಿ ನೋಡಿ. ಅನ್ನ, ಸಾರು, ಸಾಂಬಾರು ಬೇಕಾದಷ್ಟು. ಚಪಾತಿ ಎಣಿಸಿ ಹಾಕುತ್ತಾರೆ. ಬುಧವಾರದ ಮೊಟ್ಟೆ ತಲೆಗೆ ಒಂದು. ಭಾನುವಾರದ ಚಿಕನ್ ಎರಡು ತುಂಡು, ಮೂರನೆಯದು ಕೇಳಿದರೆ ಭಟ್ಟರ ಮುಖ ಬೇರೆಯಾಗುತ್ತದೆ. ಮೊಸರು ಸಣ್ಣ ಬಟ್ಟಲಲ್ಲಿ. ಯಾವುದು ಅಗ್ಗವೋ ಅದಕ್ಕೆ ಎಣಿಕೆಯಿಲ್ಲ. ಯಾವುದರಲ್ಲಿ ಪ್ರೋಟೀನ್ ಇದೆಯೋ ಅದಕ್ಕೆಲ್ಲ ಎಣಿಕೆ. ತಿಂಗಳಿಗಿಷ್ಟು ಎಂದು ದುಡ್ಡು ಕೊಡುವ ಕಡೆ ಬೇರೆ ದಾರಿಯೂ ಇಲ್ಲ. ಹಾಗಾಗಿ ಅವನಿಗೆ ನಾನು ಹೇಳಿದ್ದು ಇಷ್ಟೇ: "ಅವರು ಎಣಿಸಿ ಕೊಡೋದನ್ನ ಒಂದೂ ಬಿಡಬೇಡ. ಅವರು ಎಣಿಸದೆ ಕೊಡೋದನ್ನ ನೀನು ಎಣಿಸು."

ಅವನು ಕೇಳಲಿಲ್ಲ. ಇಪ್ಪತ್ತರ ಹುಡುಗರು ಮೊದಲ ಸಲಕ್ಕೇ ಕೇಳುವುದೂ ಇಲ್ಲ. ಯಾವುದೋ ವಿಡಿಯೊ ನೋಡಿ ಅನ್ನ, ಚಪಾತಿ ಎರಡನ್ನೂ ಪೂರ್ತಿ ಬಿಟ್ಟ. ಪಲ್ಯ, ಸೌತೆಕಾಯಿ, ಮಜ್ಜಿಗೆಯಲ್ಲಿ ಎಂಟು ದಿನ ಕಳೆದು ಮೂರು ಕೆ.ಜಿ. ಇಳಿದ ಫೋಟೊ ಕಳಿಸಿದ. ಒಂಬತ್ತನೆಯ ರಾತ್ರಿ ಎರಡು ಪ್ಲೇಟ್ ಗೋಬಿ ಮಂಚೂರಿ, ಎಗ್ ರೈಸ್. ನಾಲ್ಕು ದಿನದಲ್ಲಿ ಮೂರು ಕೆ.ಜಿ.ಯೂ ವಾಪಸ್. "ನನ್ ಬಾಡಿನೇ ಇಷ್ಟು ಮಾಮ" ಎಂದು ಕೈಚೆಲ್ಲಿದ.

ಬಾಡಿಯದೇನೂ ತಪ್ಪಿರಲಿಲ್ಲ. ನಾವು ತಿಂದ ಅನ್ನದ ಒಂದು ಭಾಗವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ಬಿಟ್ಟರೆ ಗ್ಲೈಕೋಜನ್ ಖರ್ಚಾಗುತ್ತದೆ, ನೀರು ಹೊರಟುಹೋಗುತ್ತದೆ, ತಕ್ಕಡಿಯ ಮುಳ್ಳು ಇಳಿಯುತ್ತದೆ. ಮತ್ತೆ ಅನ್ನ ಉಂಡರೆ, ಅದೂ ಉಪ್ಪು ಜಾಸ್ತಿ ಇರುವ ಮಂಚೂರಿಯ ಜೊತೆ, ನೀರು ವಾಪಸ್ ಬರುತ್ತದೆ. ಆ ಮೂರು ಕೆ.ಜಿ.ಯಲ್ಲಿ ಕೊಬ್ಬು ಕರಗಿದ್ದು ಒಂದು ಕೆ.ಜಿ.ಯಷ್ಟೂ ಇರಲಿಕ್ಕಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗ ಹುಡುಗಿಯರು ಮೊದಲ ವಾರ ಹಿಗ್ಗಿ, ಮೂರನೆಯ ವಾರ ಬಿಟ್ಟುಬಿಡುತ್ತಾರೆ.

ಎರಡನೆಯ ಸಲ ಕೂತು ಸರಿಯಾಗಿ ಲೆಕ್ಕ ಮಾಡಿದೆವು. ದಿನಕ್ಕೆ 2,000 ಕ್ಯಾಲರಿಯ ಆಸುಪಾಸು ಇರಬೇಕು, ವಾರಕ್ಕೆ ಅರ್ಧ ಕೆ.ಜಿ.ಗಿಂತ ವೇಗ ಬೇಡ, ಮೆಸ್ಸಿನ ಮೆನು ಬದಲಾಗುವುದಿಲ್ಲ ಎಂದು ಒಪ್ಪಿಕೊಂಡೇ ಶುರುಮಾಡಿದ್ದು.

ಬೆಳಿಗ್ಗೆ ಏನೇ ಇರಲಿ, ಪಲಾವ್, ಚಿತ್ರಾನ್ನ, ಉಪ್ಪಿಟ್ಟು, ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜೊತೆಗೆ ಹೊರಗಿನ ಅಂಗಡಿಯಿಂದ ಎರಡು ಬೇಯಿಸಿದ ಮೊಟ್ಟೆ. ಅರ್ಧ ತಿಂಡಿಯ ಜಾಗವನ್ನು ಮೊಟ್ಟೆ ತುಂಬಿದ್ದರಿಂದ ಕ್ಯಾಲರಿ ಸ್ವಲ್ಪವೇ ಇಳಿಯಿತು, ಪ್ರೋಟೀನ್ ಮಾತ್ರ ಎರಡು ಪಟ್ಟಾಯಿತು. ಇಡ್ಲಿಯ ದಿನ ಸುಲಭ. ಮೂರ್ನಾಲ್ಕು ಇಡ್ಲಿಗೆ 250 ಕ್ಯಾಲರಿ, ಎಣ್ಣೆಯಿಲ್ಲ. ಪೂರಿಯ ದಿನ ಕಷ್ಟ. ಒಂದು ಪೂರಿಗೆ ನೂರು ಕ್ಯಾಲರಿ, ಯಾರೂ ಎರಡಕ್ಕೆ ನಿಲ್ಲುವುದಿಲ್ಲ. ಆ ದಿನ ಎರಡು ಪೂರಿ, ಮೂರು ಮೊಟ್ಟೆ ಎಂದು ಒಪ್ಪಂದವಾಯಿತು.

ಮಧ್ಯಾಹ್ನ ಎರಡು ಚಪಾತಿ ಹಾಗೆಯೇ. ಅನ್ನ ಮೂರು ಸೌಟಿನಿಂದ ಒಂದಕ್ಕೆ. ಪಲ್ಯ ಎರಡು ಸಲ. ಸಾಂಬಾರಿನದು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಅಷ್ಟು ದೊಡ್ಡ ಪಾತ್ರೆಯಲ್ಲಿ ಹತ್ತು ನಿಮಿಷ ಕದಡದೆ ಇಟ್ಟರೆ ಬೇಳೆಯೆಲ್ಲ ತಳಕ್ಕೆ ಕೂರುತ್ತದೆ, ಒಗ್ಗರಣೆಯ ಎಣ್ಣೆ ಮೇಲೆ ತೇಲುತ್ತದೆ. ಮೇಲಿಂದ ಒಂದು ಸೌಟು ತೆಗೆದರೆ ಸಿಗುವುದು ಹುಳಿನೀರು, ಎಣ್ಣೆ. ತಳದಿಂದ ತೆಗೆದರೆ ಬೇಳೆ, ತರಕಾರಿ. ಒಂದೂವರೆಗೆ ಓಡಿಬರುವವರಿಗೆ ನೀರು ಸಿಕ್ಕಿ, ಎರಡೂಕಾಲಿಗೆ ನಿಧಾನವಾಗಿ ಬರುವವರಿಗೆ ಬೇಳೆ ಸಿಗುವುದು ಇದರಿಂದಲೇ. "ಭಟ್ರೇ, ಸ್ವಲ್ಪ ಕದಡಿ ತಳದಿಂದ ಹಾಕಿ" ಎನ್ನುವುದಕ್ಕೆ ನಾಚಿಕೆ ಬೇಡ. ಹಾಗೆ ತೆಗೆದ ಎರಡು ಸೌಟಿನಲ್ಲಿ 7 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ, ಒಂದು ಮೊಟ್ಟೆಗಿಂತ ತುಸು ಹೆಚ್ಚೇ. ಕುರ್ಮಕ್ಕೂ ಇದೇ ಮಾತು. ಬಟ್ಟಲಿನ ಮೇಲೆ ಕೆಂಪಗೆ ನಿಂತ ಎಣ್ಣೆ ಒಂದು ದೊಡ್ಡ ಚಮಚದಷ್ಟಿದ್ದರೆ ಅಷ್ಟಕ್ಕೇ 120 ಕ್ಯಾಲರಿ, ಒಂದು ಚಪಾತಿಗೆ ಸಮ. ಬಟ್ಟಲು ವಾಲಿಸಿ ಅದನ್ನು ತಟ್ಟೆಯ ಮೂಲೆಗೆ ಬಿಡುವುದು ಅವನು ತಾನೇ ಕಂಡುಕೊಂಡ ಉಪಾಯ.

ಊಟಕ್ಕೆ ಒಂದು ಪ್ಯಾಕೆಟ್ ಮೊಸರು ಅವನೇ ತರುತ್ತಿದ್ದ, 200 ಗ್ರಾಂನದು. ಸಂಜೆ ಒಂದೇ ಟೀ, ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿಗಡಲೆ. ತೂಗಿದರೆ 40 ಗ್ರಾಂ, ಅದರಲ್ಲಿ 8 ಗ್ರಾಂ ಪ್ರೋಟೀನ್. ಶೇಂಗಾ ಕೂಡ ಒಳ್ಳೆಯದೇ, ಆದರೆ ಅದರ ಅರ್ಧದಷ್ಟು ಎಣ್ಣೆ. ಓದುತ್ತ ಓದುತ್ತ ಕಾಲು ಕೆ.ಜಿ. ಮುಗಿಸಿದರೆ ದಿನದ ಅರ್ಧಕ್ಕಿಂತ ಹೆಚ್ಚು ಕ್ಯಾಲರಿ ಅಲ್ಲೇ ಮುಗಿಯುತ್ತದೆ.

ರಾತ್ರಿ ಎರಡು ಚಪಾತಿ, ಕುರ್ಮ, ಒಂದು ಲೋಟ ಸಾರು. ಅನ್ನವಿಲ್ಲ. ಅನ್ನದ ಜಾಗಕ್ಕೆ ಬಂದದ್ದು ಸೋಯಾ ಚಂಕ್ಸ್. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಿಗುವ ಪ್ರೋಟೀನ್‌ನಲ್ಲಿ ಇದಕ್ಕಿಂತ ಅಗ್ಗವಾದದ್ದನ್ನು ನಾನು ಕಾಣೆ. ಒಣಗಿದ್ದು ನೂರು ಗ್ರಾಂನಲ್ಲಿ 50 ಗ್ರಾಂಗೂ ಹೆಚ್ಚು. ಅವನ ಪಾಲಿಗೆ ದಿನಕ್ಕೆ 40 ಗ್ರಾಂ, ಅಂದರೆ 20 ಗ್ರಾಂ ಪ್ರೋಟೀನ್. ರೂಮಿನಲ್ಲಿ ಕೆಟಲ್ ಇಡಲು ವಾರ್ಡನ್ ಬಿಡುವುದಿಲ್ಲ. ಊಟಕ್ಕೆ ಕಾಲು ಗಂಟೆ ಮುಂಚೆ ಮೆಸ್ಸಿಗೆ ಹೋಗಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿದ ಚಂಕ್ಸ್ ಮೇಲೆ ಕುದಿಯುವ ನೀರು ಹಾಕಿಸಿಕೊಂಡು ಮುಚ್ಚಳ ಮುಚ್ಚುತ್ತಿದ್ದ. ಊಟದ ಹೊತ್ತಿಗೆ ಅವು ಊದಿಕೊಂಡು ಮೆತ್ತಗಾಗಿರುತ್ತವೆ. ನೀರನ್ನು ಪೂರ್ತಿ ಹಿಂಡಬೇಕು. ಆ ಹಸಿ ವಾಸನೆಯೆಲ್ಲ ನೀರಿನಲ್ಲೇ ಇರುತ್ತದೆ. ಮೊದಲ ದಿನ ಹಿಂಡದೆ ಕುರ್ಮಕ್ಕೆ ಸುರಿದು "ರಬ್ಬರ್ ತಿಂದಂಗಿದೆ" ಎಂದು ಫೋನ್ ಮಾಡಿದ್ದ. ಎರಡು ಸಲ ಹಿಂಡಿ, ಉಪ್ಪು, ನಿಂಬೆರಸ ಹಾಕಿ, ಆಮೇಲೆ ಕುರ್ಮಕ್ಕೆ ಬೆರೆಸಿದ ದಿನದಿಂದ ದೂರು ನಿಂತಿತು. ಹೆಸರುಕಾಳು ಮೊಳಕೆ ಕಟ್ಟಿಯೂ ನೋಡಿದ. ಸೆಕೆಯ ದಿನ ಡಬ್ಬಿಯೊಳಗೆ ಅಂಟಂಟಾಗಿ ವಾಸನೆ ಬಂದು ಚೆಲ್ಲಿದ. ಮೊಳಕೆಕಾಳನ್ನು ದಿನಕ್ಕೆರಡು ಸಲ ತೊಳೆಯಬೇಕು, ತಿನ್ನುವ ಮುಂಚೆ ಚೆನ್ನಾಗಿ ಬೇಯಿಸಬೇಕು. ಹಾಸ್ಟೆಲ್ ರೂಮಿನಲ್ಲಿ ಅದು ಆಗುವ ಹೋಗುವ ಮಾತಲ್ಲ.

ಎಲ್ಲ ಕೂಡಿಸಿದರೆ 1,950 ಕ್ಯಾಲರಿ, 83 ಗ್ರಾಂ ಪ್ರೋಟೀನ್. 1.2 ಗ್ರಾಂ ಲೆಕ್ಕದ ನೂರಕ್ಕೆ ಮುಟ್ಟಲಿಲ್ಲ. ಚಿಕನ್ ಇದ್ದ ಭಾನುವಾರ ಮಾತ್ರ ಹತ್ತಿರ ಹೋಗುತ್ತಿತ್ತು. ಇನ್ನೆರಡು ಮೊಟ್ಟೆ ಸೇರಿಸಬಹುದಿತ್ತು, ಆದರೆ ಕೈಯಲ್ಲಿದ್ದ ದುಡ್ಡಿಗೂ ಒಂದು ಮಿತಿಯಿದೆ. ಮೊಟ್ಟೆ, ಮೊಸರು, ಹುರಿಗಡಲೆ, ಸೋಯಾ ಸೇರಿ ದಿನಕ್ಕೆ ಸುಮಾರು ನಲವತ್ತು ರೂಪಾಯಿ ಖರ್ಚು. ಪಫ್, ಟೀ, ಮೆಣಸಿನಕಾಯಿಗೆ ಹೋಗುತ್ತಿದ್ದ ದುಡ್ಡು ಇತ್ತ ತಿರುಗಿತು, ಅಷ್ಟೆ. ಮೊಟ್ಟೆ ತಿನ್ನದವರು ಆ ಜಾಗಕ್ಕೆ ಅರ್ಧ ಲೀಟರ್ ಹಾಲು ಇಟ್ಟುಕೊಳ್ಳಬಹುದು. 15 ಗ್ರಾಂ ಪ್ರೋಟೀನ್ ಸಿಗುತ್ತದೆ, ಆದರೆ ಕ್ಯಾಲರಿ ಮೊಟ್ಟೆಯ ಎರಡರಷ್ಟಾಗುವುದರಿಂದ ತಿಂಡಿಯನ್ನು ಇನ್ನೂ ತುಸು ಕಡಿಮೆ ಮಾಡಬೇಕು.

ವ್ಯಾಯಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಕ್ಕಾಲು ಗಂಟೆ ನಡಿಗೆ ಒಂದು ಸೌಟು ಅನ್ನದಷ್ಟನ್ನೂ ಕರಗಿಸುವುದು ಅನುಮಾನ. ಆದರೆ ವಾರಕ್ಕೆ ಮೂರು ದಿನ ದಂಡ, ಬಸ್ಕಿ ಹೊಡೆದರೆ ಸ್ನಾಯು ಉಳಿಯುತ್ತದೆ, ಕರಗುವುದು ಕೊಬ್ಬೇ ಆಗುತ್ತದೆ. ಅವನು ಪುಸ್ತಕ ತುಂಬಿದ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಕಿ ಹೊಡೆಯುತ್ತಿದ್ದ.

ತೂಕ ನೋಡುವುದಕ್ಕೂ ಕ್ರಮವಿದೆ. ವಾರದಲ್ಲಿ ಮೂರು ಬೆಳಿಗ್ಗೆ, ಶೌಚದ ನಂತರ, ಏನೂ ತಿನ್ನುವ ಮುಂಚೆ ತೂಗಿ, ಮೂರರ ಸರಾಸರಿ ಬರೆಯಬೇಕು. ಭಾನುವಾರ ಬಿರಿಯಾನಿ ತಿಂದು ಸೋಮವಾರ ತೂಗಿದರೆ ಒಂದು ಕೆ.ಜಿ. ಹೆಚ್ಚೇ ತೋರಿಸುತ್ತದೆ, ಅದು ಉಪ್ಪು, ನೀರು. ಜೊತೆಗೆ ಹದಿನೈದು ದಿನಕ್ಕೊಮ್ಮೆ ಟೇಪಿನಿಂದ ಹೊಟ್ಟೆಯ ಸುತ್ತಳತೆ. ತೂಕ ನಿಂತಿದ್ದರೂ ಟೇಪು ಇಳಿಯುತ್ತಿದ್ದರೆ ಕೊಬ್ಬು ಹೋಗುತ್ತಿದೆ. ಮೂರು ವಾರ ಎರಡೂ ಅಲುಗದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ಅವನಿಗೆ ಒಮ್ಮೆ ಹಾಗೇ ಆಯಿತು. ಹುಡುಕಿದರೆ ಇಂಟರ್ನಲ್ಸ್ ಸಮಯ. ರಾತ್ರಿ ಓದುವಾಗ ನಾಲ್ಕು ಟೀ ಕುಡಿಯುತ್ತಿದ್ದ. ಹಾಲು, ಎರಡು ಚಮಚ ಸಕ್ಕರೆಯ ಟೀ ಒಂದಕ್ಕೆ 80 ಕ್ಯಾಲರಿ. ಟೀಯನ್ನು ಯಾರೂ ಊಟವೆಂದು ಲೆಕ್ಕ ಹಿಡಿಯುವುದಿಲ್ಲ.

ಹುಡುಗಿಯರು ಈ ಅಂಕಿಗಳನ್ನು ಹಾಗೇ ನಕಲು ಮಾಡಬಾರದು. 65 ಕೆ.ಜಿ.ಯ ಹುಡುಗಿಗೆ ತೂಕ ನಿಲ್ಲಲು ಬೇಕಾಗುವುದೇ 1,900ರ ಸುತ್ತ. ಅವಳು ದಿನಕ್ಕೆ 1,500ಕ್ಕಿಂತ ಕೆಳಗೆ ಹೋಗುವುದು ಬೇಡ. ಮುಟ್ಟಿನ ಮುಂಚಿನ ವಾರ ನೀರು ನಿಂತು ತೂಕ ಏರುವುದು ಸಹಜ. ಹಾಗಾಗಿ ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ಮುಟ್ಟು ತಪ್ಪಿದರೆ, ಕೂದಲು ಗೊಂಚಲಾಗಿ ಉದುರಿದರೆ, ಮೆಟ್ಟಿಲು ಹತ್ತುವಾಗ ತಲೆ ಸುತ್ತಿದರೆ ತೂಕ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೊದಲೆರಡು ವಾರ ಕಳೆದ ಮೇಲೂ ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಿದ್ದರೆ, ಹುಡುಗನಿರಲಿ ಹುಡುಗಿಯಿರಲಿ, ಊಟ ಸಾಲುತ್ತಿಲ್ಲ. ಬಿಎಂಐ 23ರ ಒಳಗಿರುವವರಿಗೆ ಇದು ಯಾವುದೂ ಬೇಕಿಲ್ಲ.

ಹದಿನಾರು ವಾರ ಹೀಗೆ ನಡೆಯಿತು. ನಡುವೆ ಸಂಕ್ರಾಂತಿಗೆ ಬಂದು ಐದು ದಿನದಲ್ಲಿ ಒಂದೂವರೆ ಕೆ.ಜಿ. ಏರಿಸಿಕೊಂಡು ಹೋದ, ಹತ್ತು ದಿನದಲ್ಲಿ ಅದರ ಮುಕ್ಕಾಲು ಪಾಲು ತಾನೇ ಇಳಿಯಿತು. ಕೊನೆಗೆ ತೂಕ 77.5, ಹೊಟ್ಟೆಯ ಸುತ್ತಳತೆ 98 ಸೆಂಟಿಮೀಟರಿನಿಂದ 91. ಗಂಡಸರಿಗೆ 90ರ ಒಳಗಿರಬೇಕು ಎನ್ನುವುದು ನಮ್ಮಲ್ಲಿನ ಅಳತೆ, ಇನ್ನೂ ಬಾಕಿಯಿದೆ. ಶನಿವಾರದ ಮಂಡಕ್ಕಿ, ಮೆಣಸಿನಕಾಯಿ ಬಿಟ್ಟಿಲ್ಲ, ನಾನೂ ಬಿಡು ಎಂದಿಲ್ಲ. ಹಳೆಯ ಪ್ಯಾಂಟು ಏರುತ್ತದೆ, ಗುಂಡಿ ಮಾತ್ರ ಬಿಗಿ.

ಅವನದು ಡಿವೈಡಿಂಗ್ ಮೆಸ್. ತಿಂಗಳ ಖರ್ಚನ್ನು ಹುಡುಗರೇ ಹಂಚಿಕೊಳ್ಳುತ್ತಾರೆ, ಮೆನು ಮಾಡುವ ಕಮಿಟಿಯಲ್ಲೂ ಹುಡುಗರೇ ಇರುತ್ತಾರೆ. ಮೊನ್ನೆಯ ಸಭೆಯಲ್ಲಿ ವಾರಕ್ಕೆ ಎರಡು ಸಲದ ಕೇಸರಿಬಾತ್ ಒಂದಕ್ಕಿಳಿಸಿ, ಆ ದುಡ್ಡಿಗೆ ಎರಡು ದಿನ ಕಡಲೆಕಾಳಿನ ಉಸಲಿ ಮಾಡಿಸಿ ಎಂದು ಇವನು ಕೇಳಿದನಂತೆ. ಭಟ್ಟರು ಒಪ್ಪಿದರು, ಹುಡುಗರಲ್ಲಿ ಅರ್ಧದಷ್ಟು ಜನ ಕೇಸರಿಬಾತ್ ಪರ ನಿಂತರು. ನಿಮ್ಮ ಹಾಸ್ಟೆಲ್‌ನಲ್ಲೂ ಮೆಸ್ ಕಮಿಟಿ ಇದ್ದರೆ, ಮುಂದಿನ ಸಭೆಗೆ ಹೋಗಿ ಉಸಲಿಯ ಪರ ಒಂದು ಕೈ ಎತ್ತಿ.